ಊರಿಗೆ ಹೋಗಿ ತಿಳಿಸ್ತೀವಿ

ಕಳೆದ ತಿಂಗಳು ಒಂದು ಬುಧವಾರ ರಾತ್ರಿ, ವಾಕಡ್‌ನ ನಮ್ಮ ಫ್ಲ್ಯಾಟಿನ ಅಡುಗೆ ಕಟ್ಟೆಯ ಮೇಲೆ ಒಂದು ಫೋನು ಗುಂಯ್‌ಗುಡುತ್ತ ಸರಿದು ಸರಿದು ಹಿಟ್ಟಿನ ಡಬ್ಬಿಗೆ ಬಡಿಯಿತು. ಫೋನಿನ ಒಡೆಯ ಈರುಳ್ಳಿ ಹೆಚ್ಚುತ್ತಿದ್ದ. ನನ್ನ ರೂಮ್‌ಮೇಟ್, ಇಂಡಿ ತಾಲ್ಲೂಕಿನವನು, ನನಗಿಂತ ಏಳು ವರ್ಷ ಚಿಕ್ಕವನು. ಪರದೆಯ ಮೇಲೆ ಹೆಸರು ನೋಡಿ ಮತ್ತೆ ಈರುಳ್ಳಿಗೆ ತಿರುಗಿದ. ಹತ್ತು ನಿಮಿಷದಲ್ಲಿ ಮೂರನೇ ಸಲ ಅದು.

"ಯಾರೋ?" ಅಂದೆ.

"ಎಚ್ಆರ್ ಬಾಯಿ ಅಣ್ಣಾ. ಶುಕ್ರವಾರ ನಾಕಕ್ಕ ಖರಾಡಿಗೆ ಬಾ ಅಂತಾರ, ಮ್ಯಾನೇಜರ್ ರೌಂಡಿಗೆ. ನಾ ಹೋಗಾಂವಲ್ಲ."

"ಹೇಳಿಬಿಡು ಮತ್ತ."

"ಯಾಕ್ ಹೇಳಬೇಕ್ರಿ? ಅವ್ರೇನ್ ನಮಗ ಹೇಳ್ತಾರೇನು? ಮೂರು ಕಂಪನಿ ನನಗ ಇನ್ನೂ ಉತ್ತರ ಕೊಟ್ಟಿಲ್ಲ. ಸುಮ್ಮನಿದ್ರ ತಾವ ತಿಳ್ಕೋತಾರ."

ಈ ಲೇಖನ ಆ ಕೊನೆಯ ವಾಕ್ಯದ ವಿರುದ್ಧ. ಅವನ ವಿರುದ್ಧವಲ್ಲ, ಏಕೆಂದರೆ ಆ ವಾಕ್ಯ ಅವನೊಬ್ಬನದಲ್ಲ. ಹಿಂಜವಡಿಯ ಚಹಾದಂಗಡಿಗಳಲ್ಲಿ, ನಮ್ಮೂರ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ, ಪಿಜಿಗಳಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಬುದ್ಧಿ ಹೇಳುವಾಗ ನಾನು ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವರಲ್ಲಿ ನಾನೂ ಒಬ್ಬ.

ಮೊದಲು ಬೇರೆ ಒಂದು ವಿಷಯ. ನನ್ನ ಅಕ್ಕನನ್ನು ನೋಡಲು ಬಂದ ಮೊದಲ ಮನೆಯವರು ಅವಲಕ್ಕಿ ತಿಂದು, ಚಹಾ ಕುಡಿದು, ನಮ್ಮಪ್ಪನ ಕೈ ಹಿಡಿದು "ಊರಿಗೆ ಹೋಗಿ ತಿಳಿಸ್ತೀವ್ರಿ" ಅಂದು ಟ್ರ್ಯಾಕ್ಸ್ ಹತ್ತಿದರು. ಆ ಮಾತಿನ ಅರ್ಥ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು. ಆದರೂ ಮೂರು ವಾರ ಆ ಮನುಷ್ಯ ಫೋನಿನ ಹತ್ತಿರವೇ ಕೂತ. ಆ ಮೂರು ವಾರದಲ್ಲಿ ಬಾಗಲಕೋಟೆಯ ಇನ್ನೊಂದು ಮನೆಯಿಂದ ಕೇಳಿಕೊಂಡು ಬಂದಾಗ, "ಒಂದು ಕಡೆ ಮಾತು ನಡೆದೈತಿ, ಸ್ವಲ್ಪ ತಡೀರಿ" ಅಂದ. ಅವರು ತಡೆಯಲಿಲ್ಲ. ಮರಾಠಿಯವರೂ ಇದರಲ್ಲಿ ನಮ್ಮ ಅಣ್ಣತಮ್ಮಂದಿರೇ. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರು ಕಾಂದೇ ಪೋಹೆ ಅನ್ನುತ್ತಾರೆ, ಎದ್ದು ಹೊರಡುವಾಗ "ಕಳವತೋ" ಅನ್ನುತ್ತಾರೆ. ತಿಳಿಸುತ್ತೇವೆ. ತಿಳಿಸುವುದಿಲ್ಲ.

"ಇಲ್ಲ" ಅಂದರೆ ಎದುರಿನವರಿಗೆ ನೋವಾಗುತ್ತದೆ ಅನ್ನುವುದು ನಮ್ಮ ಸಮರ್ಥನೆ. ನಾನಿದನ್ನು ಒಪ್ಪುವುದಿಲ್ಲ. "ಇಲ್ಲ" ಅನ್ನುವಾಗ ನಮಗೆ ಆಗುವ ಎರಡು ನಿಮಿಷದ ಮುಜುಗರವನ್ನು ಎದುರಿನವರ ಮೂರು ವಾರಕ್ಕೆ ವರ್ಗಾಯಿಸುತ್ತೇವೆ, ಮತ್ತು ಅದಕ್ಕೆ ಸಭ್ಯತೆ ಎಂದು ಹೆಸರಿಟ್ಟಿದ್ದೇವೆ.

ಈಗ ನನ್ನ ಕಥೆ. 2019ರ ಫೆಬ್ರವರಿಯಲ್ಲಿ ಇದೇ ಊರಿನ ಒಂದು ಕಂಪನಿಯಲ್ಲಿ ನನಗೆ ಮೂರು ರೌಂಡ್ ಮುಗಿದಿತ್ತು. ನಾಲ್ಕನೆಯದಕ್ಕೆ ಕರೆ ಬಂತು. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು, ಅವರು ಡೆವಲಪ್‌ಮೆಂಟ್ ಎಂದು ಕರೆಯುತ್ತಿದ್ದ ಕೆಲಸ ಪ್ರೊಡಕ್ಷನ್ ಸಪೋರ್ಟ್, ಅದೂ ವಾರ ಬಿಟ್ಟು ವಾರ ರಾತ್ರಿ ಪಾಳಿ. ಎಷ್ಟು ಸಂಬಳ ಕೊಟ್ಟರೂ ನಾನು ಹೋಗುವವನಲ್ಲ ಎಂದು ಆ ಮೂರನೇ ರೌಂಡಿನಲ್ಲೇ ತೀರ್ಮಾನವಾಗಿತ್ತು. ಆದರೆ ಹೇಳಲಿಲ್ಲ. ಮೊದಲ ಸಲ ಜ್ವರ ಅಂದೆ. ಎರಡನೇ ಸಲ ಕ್ಲೈಂಟ್ ಕಾಲ್ ಅಂದೆ. ಮೂರನೇ ಸಲ ಫೋನ್ ಎತ್ತಲಿಲ್ಲ. ಮೊದಲ ಮೇಲಿನಿಂದ ಕೊನೆಯ ಮಿಸ್ಡ್ ಕಾಲ್‌ವರೆಗೆ ಹದಿನೆಂಟು ದಿನ. ಆಮೇಲೆ ಅವರೇ ಸುಮ್ಮನಾದರು. ತಾವೇ ತಿಳ್ಕೊಂಡರು.

ಅದೇ ವರ್ಷ ಜೂನ್‌ನಲ್ಲಿ, ನಾವು ಜೋಳದ ರೊಟ್ಟಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹೋಗುತ್ತಿದ್ದ ಒಂದು ಮೆಸ್ಸಿನಲ್ಲಿ, ರೋಣ ತಾಲ್ಲೂಕಿನ ಒಬ್ಬ ಹುಡುಗ ಎದುರು ಕೂತಿದ್ದ. ಮಾರ್ಚ್‌ನಲ್ಲಿ ಕೈಗೆ ಬಂದ ಕೆಲಸ ತಪ್ಪಿತು ಎಂದು ಹೇಳಿಕೊಂಡ. ಎಲ್ಲ ರೌಂಡ್ ಮುಗಿಸಿದ್ದನಂತೆ. ಕನ್ಸಲ್ಟೆನ್ಸಿಯವಳು "ನಿನ್ನ ಮೇಲೆ ಇನ್ನೊಬ್ಬ ಇದ್ದಾನೆ, ಅವನದೊಂದು ರೌಂಡ್ ಬಾಕಿ, ಅವನು ಬರುವುದು ಅನುಮಾನ, ಸ್ವಲ್ಪ ಕಾಯಿ" ಅಂದಳಂತೆ. ಕಾದ. ಮಾರ್ಚ್ ಕೊನೆಗೆ ಆ ಪೊಸಿಷನ್ನೇ ಮುಚ್ಚಿಹೋಯಿತು. ಕಂಪನಿಯ ಹೆಸರು ಹೇಳಿದ, ಪ್ರಾಜೆಕ್ಟಿನ ಹೆಸರು ಹೇಳಿದ, ಮ್ಯಾನೇಜರನ ಹೆಸರನ್ನೂ ಹೇಳಿದ. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ತಲೆ ತಗ್ಗಿಸಿ ತಿಂದು ಎದ್ದೆ.

ನಾನು ಹೇಳಿದ್ದರೆ ಅವನಿಗೆ ಆ ಕೆಲಸ ಸಿಕ್ಕೇ ಸಿಗುತ್ತಿತ್ತು ಅನ್ನಲಾರೆ. ಅವನಿಗೆ ರಾತ್ರಿ ಪಾಳಿಯ ತಕರಾರು ಇರಲಿಲ್ಲ ಅನ್ನುವುದು ಮಾತ್ರ ಗೊತ್ತು. ಅವನು ಮೂರು ತಿಂಗಳು ಊರಿಗೆ ಹೋಗಿ ಕೂತು, ಆಮೇಲೆ ಕಡಿಮೆ ಸಂಬಳಕ್ಕೆ ಬೇರೆ ಕಡೆ ಸೇರಿದ. ಈಗ ಚೆನ್ನಾಗಿದ್ದಾನೆ. ಅವನಿಗೆ ಇದನ್ನು ಈವರೆಗೆ ಹೇಳಿಲ್ಲ. ಈ ಪತ್ರಿಕೆ ಓದುವವನು, ಇವತ್ತು ಗೊತ್ತಾಗುತ್ತದೆ.

ನಾಲ್ಕು ವರ್ಷಗಳಿಂದ ನಾನು ಮೇಜಿನ ಆ ಬದಿಗೂ ಕೂರುತ್ತಿದ್ದೇನೆ, ಇಂಟರ್‌ವ್ಯೂ ತೆಗೆದುಕೊಳ್ಳುವ ಪ್ಯಾನೆಲ್‌ನಲ್ಲಿ. ಆಗ ತಿಳಿದದ್ದು ಇಷ್ಟು. ಒಂದು ಕೆಲಸಕ್ಕೆ ಜನ ತೆಗೆದುಕೊಳ್ಳಲು ಮ್ಯಾನೇಜರ್ ಮೊದಲು ಅನುಮತಿ ಪಡೆಯಬೇಕು. ಅದಕ್ಕೊಂದು ನಂಬರು, ಒಂದು ಬಜೆಟ್ಟು, ಒಂದು ಅವಧಿ. ಕೊನೆಯ ಹಂತಕ್ಕೆ ಸಾಮಾನ್ಯವಾಗಿ ಇಬ್ಬರು ಮೂವರು ಉಳಿಯುತ್ತಾರೆ. ಪ್ಯಾನೆಲ್ ಅವರನ್ನು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೋ ಕಾಗದದಲ್ಲೋ ಸಾಲಾಗಿ ನಿಲ್ಲಿಸಿರುತ್ತದೆ. ಒಂದನೆಯವನಿಗೆ ಕೊನೆಯ ರೌಂಡಿನ ಕರೆ ಹೋಗುತ್ತದೆ. ಎರಡನೆಯವಳಿಗೆ "ಆಯ್ಕೆಯಾಗಿಲ್ಲ" ಎಂಬ ಮೇಲ್ ಹೋಗುವುದಿಲ್ಲ, ಏಕೆಂದರೆ ಆಕೆ ಬೇಕಾಗಬಹುದು. "ಆಯ್ಕೆಯಾಗಿದ್ದೀರಿ" ಎಂದೂ ಹೋಗುವುದಿಲ್ಲ. ಆಕೆ ಕೇಳಿದರೆ ಸಿಗುವ ಉತ್ತರ "ಪ್ರೊಸೆಸ್‌ನಲ್ಲಿದೆ" ಎಂಬ ಮೂರು ಕಾಸಿನ ಮಾತು.

ಈಗ ನನ್ನ ರೂಮ್‌ಮೇಟ್‌ನ ದೂರನ್ನು ಮತ್ತೆ ಓದಿ. ಮೂರು ಕಂಪನಿ ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಎಲ್ಲ ಮೌನಕ್ಕೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸೋಮಾರಿತನವಿದೆ, ಕೊಬ್ಬಿದೆ, ಬಜೆಟ್ ನಿಂತುಹೋಗಿದ್ದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇದೆ. ಆದರೆ ಆ ಮೂರರಲ್ಲಿ ಒಂದು ಕಡೆಯಾದರೂ ಅವನು ಸಾಲಿನಲ್ಲಿ ಎರಡನೆಯವನಾಗಿ ನಿಂತಿರುವ ಸಾಧ್ಯತೆ ಇದೆ, ಮತ್ತು ಒಂದನೆಯವನು ಬಾಣೇರ್‌ನದೋ ಮಗರಪಟ್ಟಾದ್ದೋ ಒಂದು ಅಡುಗೆಮನೆಯಲ್ಲಿ ಫೋನ್ ಸೈಲೆಂಟ್ ಮಾಡಿ ಈರುಳ್ಳಿ ಹೆಚ್ಚುತ್ತಿರುವ ಸಾಧ್ಯತೆಯೂ ಇದೆ. "ಅವರು ನಮಗೆ ಹೇಳುವುದಿಲ್ಲ, ನಾವೇಕೆ ಹೇಳಬೇಕು" ಎಂಬ ಸೇಡು ಕಂಪನಿಗೆ ತಾಗುವುದಿಲ್ಲ. ಕಂಪನಿಗೆ ಮೈ ಇಲ್ಲ. ತಾಗುವುದು ಹಿಂದೆ ನಿಂತವರಿಗೆ.

ಇನ್ನೊಂದು ಪೆಟ್ಟು ಬೀಳುವುದು ಫೋನ್ ಮಾಡುವ ಹುಡುಗಿಗೆ. ಆಕೆ ಬಹಳ ಸಲ ಕಂಪನಿಯವಳೇ ಅಲ್ಲ, ಕನ್ಸಲ್ಟೆನ್ಸಿಯವಳು. ಅಭ್ಯರ್ಥಿ ಸೇರಿದರೆ ಕನ್ಸಲ್ಟೆನ್ಸಿಗೆ ಅವನ ವರ್ಷದ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಕಮಿಷನ್ ಕೊಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಸೇರದಿದ್ದರೆ ಸೊನ್ನೆ. ಆಕೆ ಹತ್ತು ನಿಮಿಷದಲ್ಲಿ ಮೂರು ಸಲ ಫೋನ್ ಮಾಡುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ, ನಿಮ್ಮನ್ನು ಪೀಡಿಸುವ ಆಸೆಯಿಂದಲೂ ಅಲ್ಲ. ಶುಕ್ರವಾರ ನಾಲ್ಕರ ಜಾಗಕ್ಕೆ ಬೇರೆಯವರನ್ನು ಹಾಕಬೇಕೇ ಬೇಡವೇ ಎಂದು ಆಕೆಯನ್ನು ಇನ್ನೊಬ್ಬರು ಕೇಳುತ್ತಿರುತ್ತಾರೆ.

ಹಾಗಾದರೆ ಎಲ್ಲ ರೌಂಡಿಗೂ ಹೋಗಿ, ಆಫರ್ ಲೆಟರ್ ಕೈಗೆ ತಗೊಂಡು, ಆಮೇಲೆ ಬೇಡ ಅನ್ನಬಾರದೇಕೆ? ಇದು ಎರಡನೇ ಉಪದೇಶ, ಮೊದಲನೆಯದಕ್ಕಿಂತ ಜಾಣತನದ್ದು. ಇದರ ಬೇರು 2021-22ರಲ್ಲಿದೆ. ಆಗ ಜನ ಕೆಲಸ ಬಿಡುತ್ತಿದ್ದ ವೇಗ ನೆನಪಿರಬಹುದು. ಇನ್ಫೋಸಿಸ್ಸೇ 2022ರ ಜೂನ್‌ಗೆ ಮುಗಿದ ಹನ್ನೆರಡು ತಿಂಗಳಲ್ಲಿ ಶೇ 28.4 ಮಂದಿ ಸ್ವಇಚ್ಛೆಯಿಂದ ಬಿಟ್ಟರೆಂದು ಹೇಳಿತ್ತು. ಒಂದು ಆಫರ್ ತೋರಿಸಿ ಇನ್ನೊಂದು, ಅದನ್ನು ತೋರಿಸಿ ಮತ್ತೊಂದು. ತೊಂಬತ್ತು ದಿನದ ನೋಟಿಸ್ ಪೀರಿಯಡ್ ಎಂಬ ನಮ್ಮ ದೇಶದ ವಿಚಿತ್ರ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ರಾಜೀನಾಮೆ ಕೊಟ್ಟು, ನೌಕ್ರಿಯಲ್ಲಿ "ನೋಟಿಸ್‌ನಲ್ಲಿದ್ದೇನೆ" ಎಂದು ಬದಲಿಸಿದರೆ, ಬೇಗ ಸೇರುವವರು ಬೇಕಾದವರೆಲ್ಲ ಮುಗಿಬೀಳುತ್ತಾರೆ. ನನ್ನ ರೂಮ್‌ಮೇಟ್‌ಗೆ ಆಗುತ್ತಿರುವುದೂ ಅದೇ. ಅವನ ಕೈಯಲ್ಲಿ ಬಾಣೇರ್‌ನ ಒಂದು ಆಫರ್ ಇದೆ, ಒಪ್ಪಿದ್ದಾನೆ, ನೋಟಿಸ್‌ನಲ್ಲಿ ಇನ್ನು ಮೂವತ್ತು ದಿನ ಬಾಕಿ. ಅದಕ್ಕೇ ಖರಾಡಿಯವರಿಗೆ ಅವನ ಮೇಲೆ ಅಷ್ಟು ಮೋಹ.

ಆಫರ್ ತೋರಿಸಿ ಸಂಬಳ ಏರಿಸಿಕೊಂಡವರನ್ನು ನಾನು ದೂರುವುದಿಲ್ಲ. ಸಂಬಳ ಏರಿಸಲು ಬೇರೆ ದಾರಿ ಕೊಡದ ಕಂಪನಿಗಳಿಗೆ ಅದು ತಕ್ಕ ಉತ್ತರವೇ. ನನ್ನ ವಾದ ಇಷ್ಟೇ: ಅದು ನಿಜಕ್ಕೂ ಸೇರಬಹುದಾದ ಕಡೆ ಮಾಡುವ ವ್ಯಾಪಾರ. ಸೇರುವುದೇ ಇಲ್ಲ ಎಂದು ಗೊತ್ತಿದ್ದ ಮೇಲೆ ಹೋಗಿ ಕೂರುವುದು ವ್ಯಾಪಾರವಲ್ಲ, ಬರೀ ಗಿರಾಕಿಯ ವೇಷ. ಮತ್ತು ಈ ವೇಷಕ್ಕೆ ಕಂಪನಿಗಳೂ ಒಂದು ಉತ್ತರ ಕಂಡುಕೊಂಡವು. ಹತ್ತು ಜನ ಬೇಕಾದರೆ ಹದಿನೈದು ಆಫರ್ ಕೊಡುವುದು, ಐದು ಜನ ಹೇಗೂ ಬರುವುದಿಲ್ಲ ಎಂಬ ಲೆಕ್ಕದಲ್ಲಿ. ಲೆಕ್ಕ ತಪ್ಪಿ ಹದಿಮೂರು ಜನ ಬಂದರೆ, ಕೊನೆಯ ಮೂವರ ಸೇರುವ ದಿನಾಂಕ ಮುಂದೆ ಹೋಗುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಆ ಮೂವರು ಹಳೆಯ ಕೆಲಸ ಬಿಟ್ಟು ಬಂದವರು.

ಹಾಗಾದರೆ ಯಾವಾಗ ಹಿಂದೆ ಸರಿಯಬೇಕು? ನನ್ನ ಹತ್ತಿರ ಒಂದೇ ಪ್ರಶ್ನೆ ಇದೆ. ನಾನು ಕೇಳಿದಷ್ಟು ಸಂಬಳ, ಕೇಳಿದ ದಿನಾಂಕ, ಎಲ್ಲ ಒಪ್ಪಿ ನಾಳೆ ಬೆಳಿಗ್ಗೆ ಆಫರ್ ಕಳಿಸಿದರೆ ನಾನು ಹೋಗುತ್ತೇನೆಯೇ? "ಹೋಗಬಹುದು" ಅನ್ನಿಸಿದರೆ ಹಿಂದೆ ಸರಿಯಬೇಡಿ, ಸಮಯ ಕೇಳಿ, ಒಂದು ಸಲ ಮುಂದೂಡಿಸಿಕೊಳ್ಳಿ, ಅನುಮಾನವಿದ್ದರೆ ಆ ಅನುಮಾನವನ್ನೇ ಪ್ರಶ್ನೆಯಾಗಿ ಕೇಳಿ. 2019ರಲ್ಲಿ ನಾನು ಎರಡನೇ ರೌಂಡಿನಲ್ಲೇ "ಇದರಲ್ಲಿ ರಾತ್ರಿ ಪಾಳಿ ಇದೆಯೇ" ಎಂದು ಕೇಳಿದ್ದರೆ ನಾಲ್ಕನೆಯದರ ಮಾತೇ ಬರುತ್ತಿರಲಿಲ್ಲ. "ಇಲ್ಲ" ಅನ್ನಿಸಿದರೆ ಮಾತ್ರ, ಆ ದಿನವೇ, ಹೇಳಿಬಿಡಬೇಕು. ಇಪ್ಪತ್ತನಾಲ್ಕು ಗಂಟೆ ಮೊದಲು ಹೇಳಿದರೆ ಆ ಜಾಗಕ್ಕೆ ಇನ್ನೊಬ್ಬರನ್ನು ಕರೆಯಬಹುದು. ಒಂದು ಗಂಟೆ ಮೊದಲು ಹೇಳಿದರೆ ಪ್ಯಾನೆಲ್‌ನವರಿಗೆ ಒಂದು ಚಹಾ ಸಿಗುತ್ತದೆ, ಅಷ್ಟೇ.

ಹೇಳುವುದು ಹೇಗೆ ಎಂಬಲ್ಲಿ ನಮ್ಮವರು ಎಡವುತ್ತಾರೆ, ಮತ್ತು ಅದಕ್ಕೆ ಕಾರಣ ನಮ್ಮ ಶಾಲೆಯಲ್ಲಿದೆ. ಪುಣೆಗೆ ಬಂದ ಉತ್ತರ ಕರ್ನಾಟಕದ ಪ್ರತಿ ಎಂಜಿನಿಯರಿಗೂ ಮನೆಯಲ್ಲಿ ಒಬ್ಬರಾದರೂ ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡಿನ ಕಥೆ ಹೇಳಿರುತ್ತಾರೆ. ಹುಬ್ಬಳ್ಳಿಯ ಬಿವಿಬಿಯಲ್ಲಿ ಓದಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋದ ಹುಡುಗಿ, 1974ರಲ್ಲಿ ಟೆಲ್ಕೋದ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದು ಇದ್ದದ್ದನ್ನು ನೋಡಿ, ನೇರ ಜೆಆರ್‌ಡಿ ಟಾಟಾ ಅವರಿಗೇ ಒಂದು ಕಾರ್ಡು ಗೀಚಿ, ಪುಣೆಯ ಪಿಂಪ್ರಿಗೆ ಇಂಟರ್‌ವ್ಯೂಗೆ ಕರೆಸಿಕೊಂಡ ಕಥೆ. ಒಳ್ಳೆಯ ಕಥೆ. ಆದರೆ ನೋಡಿ, ಒಳಗೆ ಹೋಗುವ ಪತ್ರದ ಕಥೆ ನಮ್ಮ ಹತ್ತಿರ ಇದೆ, ಹೊರಗೆ ಬರುವ ಪತ್ರದ್ದು ಇಲ್ಲ. ಎಸ್ಸೆಸ್ಸೆಲ್ಸಿವರೆಗೆ ನಮಗೆ ರಜೆ ಕೇಳುವ ಪತ್ರ, ಕೆಲಸ ಕೇಳುವ ಪತ್ರ, ಬೀದಿ ದೀಪ ಹಾಕಿಸಿ ಎಂದು ಪುರಸಭೆಗೆ ಕೇಳುವ ಪತ್ರ ಬರೆಸಿದರು. ಎಲ್ಲ ಕೇಳುವ ಪತ್ರಗಳೇ. ಬೇಡ ಎಂದು ಹೇಳುವ ಒಂದು ಪತ್ರವನ್ನೂ ಯಾರೂ ಬರೆಸಲಿಲ್ಲ. ಹಾಗಾಗಿ ಮೂವತ್ತು ಲಕ್ಷ ಸಂಬಳದವನೂ ಬೇಡ ಅನ್ನುವ ಹೊತ್ತಿಗೆ ರಜೆ ಪತ್ರದ ಭಾಷೆಗೇ ಇಳಿಯುತ್ತಾನೆ. ಜ್ವರ, ಅಜ್ಜಿಗೆ ಸೀರಿಯಸ್ಸು, ಊರಲ್ಲಿ ಜಾತ್ರೆ.

ಸುಳ್ಳು ಕಾರಣದ ದೊಡ್ಡ ದೋಷ ನೀತಿಯದಲ್ಲ, ಅದು ಕೆಲಸ ಮಾಡುವುದಿಲ್ಲ ಎನ್ನುವುದು. ಜ್ವರ ಅಂದರೆ ಸೋಮವಾರಕ್ಕೆ ಹಾಕುತ್ತಾರೆ. ಅಜ್ಜಿ ಅಂದರೆ ಹದಿನೈದು ದಿನ ಬಿಟ್ಟು ಸಂತಾಪ ಸೂಚಿಸಿ ಮತ್ತೆ ಕರೆಯುತ್ತಾರೆ. ಪ್ರತಿ ಸುಳ್ಳೂ ಬಾಗಿಲನ್ನು ಮುಚ್ಚುವ ಬದಲು ಅರ್ಧ ತೆರೆದಿಡುತ್ತದೆ.

ಅವತ್ತು ರಾತ್ರಿ ಊಟವಾದ ಮೇಲೆ ನಾನು, ಅವನು ಕೂತು ಬರೆದ ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅದರ ಹೂರಣ ಹೀಗೆ: "ಶುಕ್ರವಾರ ಸಂಜೆ ನಾಲ್ಕಕ್ಕೆ ಮ್ಯಾನೇಜರ್ ರೌಂಡಿಗೆ ಕರೆದಿದ್ದಕ್ಕೆ ಧನ್ಯವಾದ. ನಾನು ಬೇರೆ ಕಡೆಯ ಕೆಲಸವನ್ನು ಒಪ್ಪಿಕೊಂಡಿರುವುದರಿಂದ ಈ ಹುದ್ದೆಯ ಆಯ್ಕೆ ಪ್ರಕ್ರಿಯೆಯಿಂದ ಹಿಂದೆ ಸರಿಯುತ್ತಿದ್ದೇನೆ, ಆ ಸಮಯವನ್ನು ದಯವಿಟ್ಟು ಬೇರೆಯವರಿಗೆ ಕೊಡಿ. ಎರಡನೇ ರೌಂಡಿನಲ್ಲಿ ಡೇಟಾಬೇಸ್ ಬಗ್ಗೆ ಮಾತಾಡಿದವರಿಗೆ ನನ್ನ ಧನ್ಯವಾದ ತಿಳಿಸಿ, ಅವರ ಪ್ರಶ್ನೆಗಳಿಂದ ಕಲಿತೆ." ಕೆಳಗೆ ಹೆಸರು, ಹುದ್ದೆಯ ಹೆಸರು, ಅವರ ಮೇಲ್‌ನಲ್ಲಿದ್ದ ನಂಬರು. ಮುಗಿಯಿತು.

ಅವನು ಮೊದಲು ಬರೆದದ್ದು ಇದರ ನಾಲ್ಕರಷ್ಟು ಉದ್ದವಿತ್ತು. "ಈ ಸಮಯದಲ್ಲಿ ಮುಂದುವರಿಯಲು ಕಷ್ಟವಾಗಬಹುದು ಅನ್ನಿಸುತ್ತಿದೆ" ಎಂದಿತ್ತು. ನಾನು ಹೊಡೆದುಹಾಕಿದೆ. ಬಹುದು, ಅನ್ನಿಸುತ್ತಿದೆ, ಸದ್ಯಕ್ಕೆ, ಈ ಮೂರು ಪದ ಇದ್ದರೆ ಅದು "ಊರಿಗೆ ಹೋಗಿ ತಿಳಿಸ್ತೀವಿ" ಎಂದೇ ಲೆಕ್ಕ. ಅಲ್ಲದೆ ಎರಡು ಕಡೆ ಕ್ಷಮೆ ಕೇಳಿದ್ದ. ಒಂದನ್ನೂ ಬಿಡಲಿಲ್ಲ ನಾನು. ಆಫರ್‌ಗೆ ಸಹಿ ಹಾಕುವ ಮೊದಲು ಹಿಂದೆ ಸರಿಯುವುದು ತಪ್ಪಲ್ಲ, ಯಾವ ಕರಾರೂ ಮುರಿದಿಲ್ಲ, ಯಾರೂ ದುಡ್ಡು ಕೇಳುವಂತಿಲ್ಲ. ಮಾಡದ ತಪ್ಪಿಗೆ ಕ್ಷಮೆ ಕೇಳಿದರೆ ಓದುವವರಿಗೆ ಏನೋ ತಪ್ಪು ನಡೆದಿದೆ ಅನ್ನಿಸುತ್ತದೆ.

ಆ ಮೂರನೇ ವಾಕ್ಯ ಬೇಕೇ ಬೇಕು ಅಂತಿಲ್ಲ. ನಿಜವಾಗಿದ್ದರೆ ಮಾತ್ರ ಹಾಕಿ. ಅವನಿಗೆ ಆ ಪ್ರಶ್ನೆ ಕೇಳಿದವರು ನಿಜಕ್ಕೂ ಮೆಚ್ಚುಗೆಯಾಗಿದ್ದರು, ಅವತ್ತು ರಾತ್ರಿ ಬಂದು ನನಗೂ ಅದೇ ಪ್ರಶ್ನೆ ಕೇಳಿ ತಲೆ ತಿಂದಿದ್ದ. "ನಿಮ್ಮ ಪ್ರತಿಷ್ಠಿತ ಸಂಸ್ಥೆ" ಎಂಬ ಮಾತು ಬರೆಯುವುದಕ್ಕಿಂತ ಏನೂ ಬರೆಯದಿರುವುದು ಮೇಲು.

ಮೇಲ್ ಕಳಿಸಿ ಲ್ಯಾಪ್‌ಟಾಪ್ ಮುಚ್ಚಲು ಹೋದ. ಇನ್ನೂ ಇದೆ ಅಂದೆ. ಇಂಟರ್‌ವ್ಯೂ ಕರೆ ಎರಡು ದಾರಿಯಲ್ಲಿ ಬಂದಿರುತ್ತದೆ, ಒಂದು ಎಚ್ಆರ್‌ನ ಮೇಲ್, ಇನ್ನೊಂದು ಕ್ಯಾಲೆಂಡರ್‌ನ ಆಮಂತ್ರಣ. ಮೇಲ್ ಹೋಗುವುದು ಎಚ್ಆರ್‌ಗೆ. ಪ್ಯಾನೆಲ್‌ನಲ್ಲಿ ಕೂರುವವರು ನೋಡುವುದು ಕ್ಯಾಲೆಂಡರನ್ನು ಮಾತ್ರ. ಎಚ್ಆರ್ ಆ ದಿನ ರಜೆಯಲ್ಲಿದ್ದರೆ, ನೀವು ಸಭ್ಯವಾಗಿ ಬೇಡ ಅಂದ ಮೇಲೂ ಇಬ್ಬರು ಮನುಷ್ಯರು ನಾಲ್ಕಕ್ಕೆ ಕಾಲ್‌ನಲ್ಲೋ ಕೋಣೆಯಲ್ಲೋ ನಿಮಗಾಗಿ ಕಾಯುತ್ತಾರೆ. ನಾನು ಹಾಗೆ ಕಾದಿದ್ದೇನೆ, ಆ ಅಭ್ಯರ್ಥಿಯ ಬಗ್ಗೆ ಮನಸ್ಸಿನಲ್ಲಿ ಏನೇನೋ ಅಂದುಕೊಂಡಿದ್ದೇನೆ, ಆಮೇಲೆ ನೋಡಿದರೆ ಪಾಪ ಅವಳು ಎರಡು ದಿನ ಮೊದಲೇ ಮೇಲ್ ಮಾಡಿದ್ದಳು. ಆದ್ದರಿಂದ ಕ್ಯಾಲೆಂಡರ್‌ನಲ್ಲೂ ಬೇಡ ಎಂದು ಒತ್ತಬೇಕು. ಮೇಲ್ ಅನ್ನು ಮಾತ್ರ ಅವರು ಕಳಿಸಿದ ಅದೇ ಮೇಲ್‌ಗೆ ಉತ್ತರವಾಗಿ ಬರೆಯಬೇಕು. ಹೊಸದಾಗಿ ಬರೆದರೆ ನೂರು ಮೇಲ್‌ಗಳ ನಡುವೆ ಯಾರ ಹುದ್ದೆ ಯಾರದು ಎಂದು ಆಕೆ ಹುಡುಕಬೇಕು.

ಆಮೇಲೆ ಫೋನ್ ಬರುತ್ತದೆ. ಬಂದೇ ಬರುತ್ತದೆ, ಮತ್ತು ನಮ್ಮವರು ಸೋಲುವುದು ಅಲ್ಲೇ. "ಕಾರಣ ಸಂಬಳವಾ? ನಾವು ನೋಡೋಣ." ಈ ಪ್ರಶ್ನೆಗೆ ಬರೀ ಮುಲಾಜಿಗೆ "ಹೌದು" ಅಂದರೆ ನೀವು ಹಿಂದೆ ಸರಿದಿಲ್ಲ, ಚೌಕಾಸಿಗೆ ಕೂತಿದ್ದೀರಿ. ಅವರು ಮ್ಯಾನೇಜರಿಗೆ ಹೇಳಿ, ಮ್ಯಾನೇಜರ್ ಇನ್ನೆಲ್ಲೋ ಕೇಳಿ, ನಾಲ್ಕು ದಿನ ಬಿಟ್ಟು ಎರಡು ಲಕ್ಷ ಜಾಸ್ತಿ ತಂದಾಗ ನೀವು ಮತ್ತೆ ಇಲ್ಲ ಅಂದರೆ, ಈ ಸಲ ಅವರಿಗೆ ಬರುವ ಸಿಟ್ಟು ನ್ಯಾಯವಾದದ್ದು. ಒಂದು ನಿಜವಾದ ಕಾರಣ ಸಾಕು, ಎಲ್ಲ ಕಾರಣ ಬೇಕಿಲ್ಲ. "ಬೇರೆ ಕಡೆ ಮಾತು ಕೊಟ್ಟಿದ್ದೇನೆ." "ನಾನು ಹುಡುಕುತ್ತಿರುವ ರೀತಿಯ ಕೆಲಸ ಇದಲ್ಲ." ಕಂಪನಿಯ ಹೆಸರು ಕೇಳಿದರೆ ಹೇಳಲೇಬೇಕೆಂಬ ಕಟ್ಟಳೆ ಇಲ್ಲ, "ಅದನ್ನು ಹೇಳಲಾರೆ" ಅಂದರೆ ಆಯಿತು. ಮೂರನೇ ಸಲವೂ ಅದೇ ವಾಕ್ಯವನ್ನೇ ಅಷ್ಟೇ ಮೆತ್ತಗೆ ಹೇಳಬೇಕು. ಹೊಸ ಕಾರಣ ಸೇರಿಸಿದಿರೋ, ಅದಕ್ಕೂ ಅವರ ಹತ್ತಿರ ಪರಿಹಾರ ಇರುತ್ತದೆ.

ಬ್ಲ್ಯಾಕ್‌ಲಿಸ್ಟ್ ಮಾಡುತ್ತಾರಂತೆ ಎಂಬ ಭಯವೂ ಕೆಲವರಿಗಿದೆ. ಕಂಪನಿಯ ತಂತ್ರಾಂಶದಲ್ಲಿ ನಿಮ್ಮ ಹೆಸರಿನ ಮುಂದೆ ಏನೋ ಒಂದು ಬರೆದಿಟ್ಟುಕೊಳ್ಳುವುದು ನಿಜ. ಆದರೆ "ತಾನಾಗಿ ಹಿಂದೆ ಸರಿದರು" ಎಂಬುದು ಒಂದು ನಮೂದು, "ಬರಲೇ ಇಲ್ಲ" ಎಂಬುದು ಬೇರೆ ನಮೂದು. ನಾನು ಕೂತ ಪ್ಯಾನೆಲ್‌ಗಳಲ್ಲಿ ಮೊದಲನೆಯದನ್ನು ನೋಡಿ ಯಾರೂ ಮುಖ ಸಿಂಡರಿಸಿಲ್ಲ. ಎರಡನೆಯದನ್ನು ನೋಡಿ ರೆಸ್ಯೂಮೆ ಪಕ್ಕಕ್ಕಿಟ್ಟದ್ದನ್ನು ಕಂಡಿದ್ದೇನೆ. ನ್ಯಾಸ್ಕಾಂನವರ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿಯಲ್ಲಿ ಇದೆಲ್ಲ ದಾಖಲಾಗುತ್ತದೆ ಎಂದು ಹೆದರಿಸುವವರಿಗೆ ಒಂದು ಮಾತು: ಅದು ಇರುವುದು ಓದು, ಕೆಲಸದ ಅನುಭವ, ಗುರುತು ಇವುಗಳ ಪರಿಶೀಲನೆಗೆ, ನೀವು ಯಾವ ಇಂಟರ್‌ವ್ಯೂಗೆ ಹೋದಿರಿ ಬಿಟ್ಟಿರಿ ಎಂಬ ಲೆಕ್ಕಕ್ಕಲ್ಲ.

ಕಂಪನಿಗಳಿಗೆ ಒಂದು ಮಾತು ಹೇಳದಿದ್ದರೆ ನನ್ನ ರೂಮ್‌ಮೇಟ್ ಇದನ್ನು ಓದುವುದಿಲ್ಲ. ಅಭ್ಯರ್ಥಿ ಬರಲಿಲ್ಲ ಎಂದು ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದು, ಹೆಸರಿಗೆ ಅರ್ಧ ಮಸಿ ಬಳಿದು, ಲಿಂಕ್ಡ್‌ಇನ್‌ನಲ್ಲಿ "ಇಂದಿನ ಯುವಜನರ ವೃತ್ತಿಪರತೆ" ಎಂದು ಪ್ರವಚನ ಹಾಕುವ ಎಚ್ಆರ್ ಮಹಾಶಯರೇ, ಕಳೆದ ವರ್ಷ ನಿಮ್ಮ ಕಡೆ ಮೂರು ರೌಂಡ್ ಕೊಟ್ಟು ಕಾದ ಎಷ್ಟು ಜನರಿಗೆ ನೀವು ಎರಡು ಸಾಲು ಬರೆದಿರಿ? ಎರಡನೆಯವಳಿಗೆ "ನಿಮ್ಮ ಮೇಲೆ ಒಬ್ಬರಿದ್ದಾರೆ, ಇಪ್ಪತ್ತನೇ ತಾರೀಖಿನೊಳಗೆ ತಿಳಿಸುತ್ತೇವೆ" ಎಂದು ನಿಜ ಹೇಳಿದರೆ ಏನು ಗಂಟು ಹೋಗುತ್ತದೆ? ಆಕೆ ಬೇರೆ ಕಡೆ ಹೋಗಿಬಿಡುತ್ತಾಳೆ ಎಂಬ ಭಯ. ಅಂದರೆ ನಿಮ್ಮ ಅನುಕೂಲಕ್ಕೆ ಆಕೆಯ ತಿಂಗಳನ್ನು ಒತ್ತೆ ಇಟ್ಟುಕೊಂಡಿದ್ದೀರಿ. 2022ರಲ್ಲಿ ಆಯ್ಕೆಯಾದ ಕ್ಯಾಂಪಸ್ ಹುಡುಗರು ಸೇರುವ ದಿನಾಂಕಕ್ಕಾಗಿ ಎರಡು ವರ್ಷ ಕಾದರು ಎಂದು ಇದೇ ಪುಣೆಯ ನೈಟ್ಸ್ ಸಂಘಟನೆ 2024ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟದ್ದು ಯಾರೂ ಮರೆತಿಲ್ಲ. ಸಭ್ಯತೆಯ ಪಾಠ ಮೇಲಿಂದ ಕೆಳಕ್ಕೆ ಮಾತ್ರ ಹರಿಯಬೇಕು ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪಿ ಬರೆಯುತ್ತಿಲ್ಲ.

ನಾನು ಬರೆಯುತ್ತಿರುವುದು ಆ ರೋಣದ ಹುಡುಗನ ಪರವಾಗಿ. ಅವನು ಕಂಪನಿಯೂ ಅಲ್ಲ, ಎಚ್ಆರ್ ಕೂಡ ಅಲ್ಲ.

ರಾತ್ರಿ ಹನ್ನೊಂದು ದಾಟಿದ ಮೇಲೆ ಮೇಲ್ ಹೋಯಿತು. ಕ್ಯಾಲೆಂಡರ್‌ನಲ್ಲೂ ಒತ್ತಿದ. "ನಾಳೆ ಫೋನ್ ಬಂದ್ರ ನೀವ ಮಾತಾಡ್ರಿ ಅಣ್ಣಾ" ಅಂದ. ನಾನ್ಯಾಕೆ ಮಾತಾಡಲಿ ಅಂದೆ. ಮರುದಿನ ಬೆಳಿಗ್ಗೆ ಚಪಾತಿ ಲಟ್ಟಿಸುವ ಹೊತ್ತಿಗೆ ಫೋನು ಮತ್ತೆ ಗುಂಯ್‌ಗುಟ್ಟಿತು. ನನ್ನ ಮುಖ ನೋಡಿದ, ಹಿಟ್ಟಿನ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಎತ್ತಿದ. ಹಿಂದಿಯಲ್ಲಿ ಮಾತು. ಇವನು ಎರಡು ಸಲ "ಮಾತು ಕೊಟ್ಟಿದ್ದೇನೆ ಮೇಡಂ" ಅಂದ. ಆ ಕಡೆಯಿಂದ ಏನೋ ಸ್ವಲ್ಪ ಹೊತ್ತು. ಇಟ್ಟ.

"ಏನಂದ್ರು?"

"ಥ್ಯಾಂಕ್ಸ್ ಅಂದ್ರು. ಇನ್ನೊಬ್ಬಾಕಿ ಅದಾಳಂತ, ಆಕಿಗೆ ಈಗ ಫೋನ್ ಮಾಡ್ತೀನಿ ಅಂದ್ರು." ಸ್ವಲ್ಪ ನಿರಾಸೆಯಿಂದ ಲಟ್ಟಣಿಗೆ ಎತ್ತಿಕೊಂಡ. "ಅಷ್ಟ ಏನ್ರಿ ಅಣ್ಣಾ? ಒಂದ್ ಸಲ ಭೀ ಬರ್ರಿ ಅಂತ ಒತ್ತಾಯ ಮಾಡಲಿಲ್ಲ."